ವಿತ್ರ್‌ನ ಕುನೂತ್: ಒಂಬತ್ತು ಸಾಲು, ಅವುಗಳ ಅರ್ಥ, ಎಡವುವ ಜಾಗಗಳು

ಇಶಾ ನಮಾಝಿನ ನಂತರ, ಫಜ್ರ್‌ಗೆ ಮುಂಚೆ, ಬೆಸಸಂಖ್ಯೆಯ ರಕಅತ್‌ಗಳಲ್ಲಿ ಮಾಡುವ ನಮಾಝ್ ವಿತ್ರ್. ಅದರ ಕೊನೆಯ ರಕಅತ್‌ನಲ್ಲಿ ನಿಂತುಕೊಂಡೇ ಹೇಳುವ ದುಆ ಕುನೂತ್. ಈ ಟಿಪ್ಪಣಿಯಲ್ಲಿ ನೋಡುವುದು ಪ್ರವಾದಿಯವರು (ಸ) ತಮ್ಮ ಮೊಮ್ಮಗ ಹಸನ್ ಬಿನ್ ಅಲೀ (ರ) ಅವರಿಗೆ ಕಲಿಸಿದ ದುಆ. ವಿತ್ರ್‌ನ ಕುನೂತ್‌ನಲ್ಲಿ ಹೇಳಲು ಈ ಮಾತುಗಳನ್ನು ತನಗೆ ಕಲಿಸಿಕೊಟ್ಟರೆಂದು ಹಸನ್ ಅವರೇ ಹೇಳಿದ್ದು ಅಬೂದಾವೂದ್, ತಿರ್ಮಿದೀ, ನಸಾಈ, ಇಬ್ನುಮಾಜ ಸಂಗ್ರಹಗಳಲ್ಲಿದೆ. ಹಸನ್ ಹುಟ್ಟಿದ್ದು ಹಿಜ್ರಿ 3ರಲ್ಲಿ, ಪ್ರವಾದಿಯವರು ತೀರಿಕೊಂಡಿದ್ದು ಹಿಜ್ರಿ 11ರಲ್ಲಿ. ಅಂದರೆ ಕಲಿತಾಗ ಅವರಿನ್ನೂ ಚಿಕ್ಕ ಹುಡುಗ. ಸಾಲುಗಳು ಗಿಡ್ಡವಾಗಿ, ಒಂದೇ ಪ್ರಾಸದಲ್ಲಿ ಇರುವುದರಿಂದ ಮಕ್ಕಳಿಗೂ ಬೇಗ ಬಾಯಿಗೆ ಬರುತ್ತದೆ.

ಅಲ್ಲಾಹುಮ್ಮಹ್ದಿನೀ ಫೀಮನ್ ಹದೈತ್,
ವಆಫಿನೀ ಫೀಮನ್ ಆಫೈತ್,
ವತವಲ್ಲನೀ ಫೀಮನ್ ತವಲ್ಲೈತ್,
ವಬಾರಿಕ್ ಲೀ ಫೀಮಾ ಅಅ್‌ತೈತ್,
ವಕಿನೀ ಶರ್ರ ಮಾ ಕದೈತ್,
ಫಇನ್ನಕ ತಕ್ದೀ ವಲಾ ಯುಕ್ದಾ ಅಲೈಕ್,
ವಇನ್ನಹೂ ಲಾ ಯದಿಲ್ಲು ಮನ್ ವಾಲೈತ್,
ವಲಾ ಯಇಝ್ಝು ಮನ್ ಆದೈತ್,
ತಬಾರಕ್ತ ರಬ್ಬನಾ ವತಆಲೈತ್.

ಮೊದಲ ಐದು ಸಾಲು ಬೇಡಿಕೆ, ಉಳಿದ ನಾಲ್ಕು ಸ್ತುತಿ. ಈ ಗೆರೆಯನ್ನು ಈಗಲೇ ಗುರುತಿಸಿಕೊಳ್ಳಿ, ಜಮಾಅತ್‌ನಲ್ಲಿ ನಿಂತಾಗ ಬೇಕಾಗುತ್ತದೆ.

ಬೇಡಿಕೆಗಳ ಅರ್ಥ ಇದು: ಅಲ್ಲಾಹನೇ, ನೀನು ದಾರಿ ತೋರಿದವರ ಜೊತೆಗೆ ನನಗೂ ದಾರಿ ತೋರು. ನೀನು ಕ್ಷೇಮವಾಗಿಟ್ಟವರ ಜೊತೆಗೆ ನನ್ನನ್ನೂ ಕ್ಷೇಮವಾಗಿಡು. ನೀನು ಹೊಣೆ ಹೊತ್ತವರ ಜೊತೆಗೆ ನನ್ನ ಹೊಣೆಯನ್ನೂ ಹೊರು. ನೀನು ಕೊಟ್ಟದ್ದರಲ್ಲಿ ನನಗೆ ಬರಕತ್ ನೀಡು. ನೀನು ವಿಧಿಸಿದ್ದರ ಕೆಡುಕಿನಿಂದ ನನ್ನನ್ನು ಕಾಪಾಡು. ಮೊದಲ ಮೂರರಲ್ಲಿ ಬೇಡುವವನು ಒಂಟಿಯಾಗಿ ನಿಲ್ಲುವುದಿಲ್ಲ. ಈಗಾಗಲೇ ಅನುಗ್ರಹ ಪಡೆದವರ ಸಾಲಿನಲ್ಲಿ ತನ್ನನ್ನೂ ಸೇರಿಸು ಎನ್ನುತ್ತಾನೆ. ಅಲ್ಲೆಲ್ಲ ‘ಫೀಮನ್’ ಬರುವುದು ಅದಕ್ಕೇ, ‘ಮನ್’ ವ್ಯಕ್ತಿಗಳಿಗೆ. ನಾಲ್ಕನೆಯದು ಕೊಟ್ಟ ವಸ್ತುಗಳ ಮಾತು, ಹಾಗಾಗಿ ‘ಫೀಮಾ’. ಮೂರು ಸಲ ‘ಫೀಮನ್’ ಹೇಳಿದ ನಾಲಿಗೆ ನಾಲ್ಕನೆಯ ಸಲವೂ ಅದನ್ನೇ ಹೇಳಿಬಿಡುತ್ತದೆ. ಬಾಯಿಪಾಠ ಮಾಡುವವರಲ್ಲಿ ಈ ತಪ್ಪು ಸಾಮಾನ್ಯ. ಅರ್ಥ ಗೊತ್ತಿದ್ದರೆ ತಾನಾಗಿ ನಿಲ್ಲುತ್ತದೆ.

ಐದನೆಯ ಸಾಲಿನ ‘ವಕಿನೀ’ ಒಂದೇ ಪದದಂತೆ ಕೇಳಿಸಿದರೂ ಮೂರು ತುಂಡು: ‘ವ’ ಎಂದರೆ ಮತ್ತು, ‘ಕಿ’ ಎಂದರೆ ಕಾಪಾಡು, ‘ನೀ’ ಎಂದರೆ ನನ್ನನ್ನು. ಈ ಕ್ರಿಯಾಪದದ ಆಜ್ಞಾರೂಪದಲ್ಲಿ ಉಳಿಯುವುದು ಒಂದೇ ಅಕ್ಷರ. ಮುಂದೆ ಬರುವುದು ‘ಶರ್ರ’, ‘ಶರ್ರಿ’ ಅಲ್ಲ.

ಸ್ತುತಿಯ ಸಾಲುಗಳು ಹೇಳುವುದು: ತೀರ್ಪು ಕೊಡುವವನು ನೀನು, ನಿನ್ನ ಮೇಲೆ ತೀರ್ಪು ಕೊಡುವವರಿಲ್ಲ. ನೀನು ಮೈತ್ರಿ ತೋರಿದವನು ಅವಮಾನಕ್ಕೆ ಒಳಗಾಗುವುದಿಲ್ಲ. ನೀನು ಹಗೆಯಾದವನು ಗೌರವ ಪಡೆಯುವುದಿಲ್ಲ. ನಮ್ಮ ಪ್ರಭುವೇ, ನೀನು ಮಂಗಳಮಯನು, ಉನ್ನತನು. ‘ವಲಾ ಯಇಝ್ಝು’ ಸಾಲು ಎಲ್ಲ ವರದಿಗಳಲ್ಲೂ ಇಲ್ಲ, ಬೈಹಕೀಯವರ ವರದಿಯಲ್ಲಿದೆ. ಒಂದು ಪುಸ್ತಕದಲ್ಲಿ ಕಂಡು ಇನ್ನೊಂದರಲ್ಲಿ ಕಾಣದಿದ್ದರೆ ಅದನ್ನು ಮುದ್ರಣದೋಷ ಎಂದುಕೊಳ್ಳಬೇಡಿ. ಶಾಫಿಈಗಳು ಕೊನೆಗೆ ‘ಫಲಕಲ್ ಹಮ್ದು ಅಲಾ ಮಾ ಕದೈತ್, ಅಸ್ತಗ್‌ಫಿರುಕ ವಅತೂಬು ಇಲೈಕ್’ ಎಂದು ಸೇರಿಸಿ, ಆಮೇಲೆ ಪ್ರವಾದಿಯವರ ಮೇಲೆ ಸಲಾತ್ ಹೇಳುತ್ತಾರೆ.

ಅರ್ಥ ಕೆಡಿಸುವ ಉಚ್ಚಾರದ ತಪ್ಪುಗಳು ಹೆಚ್ಚಾಗಿ ಎರಡು ಕಡೆ. ಒಂದು, ಸಾಲಿನ ಕೊನೆ. ‘ಹದೈತ್’ನ ಪೂರ್ಣರೂಪ ‘ಹದೈತ’, ನೀನು ದಾರಿ ತೋರಿದೆ. ನಿಲ್ಲಿಸುವಾಗ ಕೊನೆಯ ಸ್ವರ ಬಿಡುತ್ತೇವೆ. ಆದರೆ ಕನ್ನಡದ ನಾಲಿಗೆಗೆ ವ್ಯಂಜನದಲ್ಲಿ ಪದ ಮುಗಿಸುವುದು ಒಗ್ಗದು, ಕೊನೆಗೊಂದು ಉಕಾರ ಸೇರಿಕೊಂಡು ‘ಹದೈತು’ ಆಗುತ್ತದೆ. ಅರಬಿಯಲ್ಲಿ ಅದು ‘ನಾನು ದಾರಿ ತೋರಿದೆ’! ‘ತ್’ನಲ್ಲಿ ಕಡಿದು ನಿಲ್ಲಿಸಿ. ಮುಂದಿನ ಸಾಲಿಗೆ ಸೇರಿಸಿ ಓದುವುದಾದರೆ ‘ಹದೈತ ವಆಫಿನೀ’ ಎನ್ನಿ.

ಇನ್ನೊಂದು ‘ಯದಿಲ್ಲು’. ಮೊದಲ ಅಕ್ಷರ ‘ಯ’. ಅದು ‘ಯು’ ಆದರೆ ‘ಅವಮಾನಿಸುತ್ತಾನೆ’ ಎಂದಾಗಿ ಕರ್ತೃವೇ ಬದಲಾಗುತ್ತಾನೆ. ಎರಡನೆಯದು ಅರಬಿಯ ‘ದಾಲ್’ ಅಲ್ಲ, ‘ಧಾಲ್’: ನಾಲಿಗೆಯ ತುದಿ ಹಲ್ಲುಗಳ ನಡುವೆ ಬರಬೇಕು. ‘ಝ’ ಮಾಡಿದರೆ ‘ಜಾರುವುದಿಲ್ಲ’ ಎಂದಾಗುತ್ತದೆ, ‘ಕದೈತ್’ನಲ್ಲಿರುವ ದಪ್ಪ ‘ದಾದ್’ ಮಾಡಿದರೆ ‘ದಾರಿ ತಪ್ಪುವುದಿಲ್ಲ’ ಎಂದಾಗುತ್ತದೆ. ಕನ್ನಡ ಲಿಪಿ ಇವನ್ನು ಬೇರ್ಪಡಿಸಿ ತೋರಿಸಲಾರದು. ಹಾಗಾಗಿ ಮೇಲಿನ ಸಾಲುಗಳನ್ನು ನೆನಪಿಗೆ ಮಾತ್ರ ಬಳಸಿ, ಉಚ್ಚಾರವನ್ನು ಉಸ್ತಾದರ ಬಾಯಿಂದಲೇ ಕೇಳಿ ಕಲಿಯಿರಿ.

ಯಾವಾಗ, ಎಲ್ಲಿ ಹೇಳಬೇಕು ಎಂಬುದು ಮದ್‌ಹಬ್‌ಗೆ ತಕ್ಕಂತೆ ಬದಲಾಗುತ್ತದೆ. ಕರಾವಳಿಯ ಬ್ಯಾರಿಗಳಲ್ಲಿ ಹೆಚ್ಚಿನವರು ಶಾಫಿಈ, ಘಟ್ಟದ ಮೇಲೆ ಹೆಚ್ಚಿನವರು ಹನಫೀ. ಮಂಗಳೂರಿನವರು ಮೈಸೂರಿನ ಮಸೀದಿಗೆ ಹೋದಾಗ ಗೊಂದಲವಾಗುವುದು ಇಲ್ಲೇ.

ಶಾಫಿಈ ಕ್ರಮದಲ್ಲಿ ಈ ದುಆ ವರ್ಷವಿಡೀ ಫಜ್ರ್‌ನಲ್ಲಿದೆ, ವಿತ್ರ್‌ನಲ್ಲಿ ರಮಝಾನಿನ ಎರಡನೆಯ ಅರ್ಧದಲ್ಲಿ ಮಾತ್ರ, ಅಂದರೆ 16ನೆಯ ರಾತ್ರಿಯಿಂದ. ಕೊನೆಯ ರಕಅತ್‌ನಲ್ಲಿ ರುಕೂವಿನಿಂದ ಎದ್ದು ನೆಟ್ಟಗೆ ನಿಂತು, ‘ರಬ್ಬನಾ ಲಕಲ್ ಹಮ್ದ್’ ಹೇಳಿ, ಕೈಗಳನ್ನೆತ್ತಿ ಓದಬೇಕು. ಮುಗಿದ ಮೇಲೆ ಮುಖ ಸವರಿಕೊಳ್ಳದೆ ನೇರವಾಗಿ ಸುಜೂದ್‌ಗೆ ಹೋಗುವುದು. ಇಮಾಮರು ಗಟ್ಟಿಯಾಗಿ ಬಹುವಚನದಲ್ಲಿ ಓದುತ್ತಾರೆ: ‘ಇಹ್ದಿನಾ’, ‘ಆಫಿನಾ’, ‘ತವಲ್ಲನಾ’, ‘ಬಾರಿಕ್ ಲನಾ’, ‘ಕಿನಾ’. ಹಿಂದಿರುವವರ ಪರವಾಗಿಯೂ ಬೇಡುವವರು ತಮ್ಮೊಬ್ಬರಿಗೇ ಕೇಳಿಕೊಳ್ಳಬಾರದು. ಹಿಂದಿರುವವರು ಐದು ಬೇಡಿಕೆಗಳಿಗೆ ಆಮೀನ್ ಹೇಳಿ, ‘ಫಇನ್ನಕ’ದಿಂದ ತಾವೂ ಮೆಲ್ಲಗೆ ಓದಬೇಕು. ಸ್ತುತಿಯ ಸಾಲಿಗೂ ಆಮೀನ್ ಎನ್ನುವವರು ಗಮನಿಸಬೇಕಾದ ಗೆರೆ ಅದೇ.

ಹನಫೀ ಕ್ರಮದಲ್ಲಿ ವಿತ್ರ್ ಒಂದೇ ಸಲಾಮಿನ ಮೂರು ರಕಅತ್, ಕುನೂತ್ ವರ್ಷವಿಡೀ ವಾಜಿಬ್. ಮೂರನೆಯ ರಕಅತ್‌ನಲ್ಲಿ ಫಾತಿಹಾ ಮತ್ತು ಸೂರಾ ಆದ ಮೇಲೆ, ರುಕೂವಿಗೆ ಮುಂಚೆ, ಕೈ ಎತ್ತಿ ತಕ್ಬೀರ್ ಹೇಳಿ, ಮತ್ತೆ ಕೈ ಕಟ್ಟಿ ಮೆಲ್ಲಗೆ ಓದುತ್ತಾರೆ. ಅಲ್ಲಿ ರೂಢಿಯ ದುಆ ‘ಅಲ್ಲಾಹುಮ್ಮ ಇನ್ನಾ ನಸ್ತಈನುಕ’ ಎಂದು ಶುರುವಾಗುವುದು. ಅದು ಬಾರದವರು ‘ರಬ್ಬನಾ ಆತಿನಾ ಫಿದ್ದುನ್ಯಾ’ ಓದಿದರೂ ವಾಜಿಬ್ ನೆರವೇರುತ್ತದೆ.

ಮರೆತರೆ? ಹನಫೀ ಒಬ್ಬರು ಸೂರಾ ಮುಗಿಸಿ ನೇರ ರುಕೂವಿಗೆ ಬಗ್ಗಿದರು, ಅಲ್ಲಿ ನೆನಪಾಯಿತು ಎನ್ನಿ. ಕುನೂತ್‌ಗಾಗಿ ಮತ್ತೆ ಎದ್ದು ನಿಲ್ಲಬಾರದು. ನಮಾಝ್ ಮುಂದುವರಿಸಿ, ಕೊನೆಯ ಕೂರುವಿಕೆಯಲ್ಲಿ ತಶಹ್ಹುದ್ ಓದಿ, ಬಲಕ್ಕೆ ಒಂದು ಸಲಾಮ್ ಹೇಳಿ, ಎರಡು ಸುಜೂದ್ ಮಾಡಿ, ಪುನಃ ತಶಹ್ಹುದ್ ಮತ್ತು ಸಲಾತ್ ಓದಿ ಸಲಾಮ್ ಹೇಳಬೇಕು. ಶಾಫಿಈ ಕ್ರಮದಲ್ಲಿ ಕುನೂತ್ ಸುನ್ನತ್. ಒಂಟಿಯಾಗಿ ನಮಾಝ್ ಮಾಡುವವರಿಗೆ ಸುಜೂದ್‌ನಲ್ಲಿ ಹಣೆ ಊರಿದ ಮೇಲೆ ನೆನಪಾದರೆ ಹಿಂತಿರುಗುವಂತಿಲ್ಲ. ಕೊನೆಯಲ್ಲಿ ಸಲಾಮಿಗೆ ಮುಂಚೆ ಮರೆವಿನ ಎರಡು ಸುಜೂದ್ ಮಾಡುವುದು ಸುನ್ನತ್. ಅದನ್ನೂ ಬಿಟ್ಟರೂ ನಮಾಝ್ ಅಸಿಂಧುವಾಗುವುದಿಲ್ಲ.