ಅಡಿಕೆ ವಿಡಿಯೊ ಹಸ್ತಾಂತರ ಟಿಪ್ಪಣಿ: ಮೂರನೇ ಭಾಗದ ಧ್ವನಿ ಏಕೆ ಜಾರುತ್ತಿದೆ

ತೀರ್ಥಹಳ್ಳಿ ಕಡೆಯ ಅಡಿಕೆ ವಿಡಿಯೊದಲ್ಲಿ ನಾಲ್ಕು ಭಾಗಗಳಿವೆ: ಕೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಮೊದಲೆರಡು ಮುಗಿದಿವೆ, ಮುಟ್ಟಬೇಡಿ. ಮೂರರಲ್ಲಿ ಚಿತ್ರ ಸರಿಯಾಗಿ ಕೂತಿದೆ, ಧ್ವನಿ ಕೂತಿಲ್ಲ. ನಾಲ್ಕು ಖಾಲಿ.

V1ರಲ್ಲಿ ಮಾತು, V2ರಲ್ಲಿ ಅದರ ಮೇಲೆ ಹೊದಿಸಿದ ಶಾಟ್‌ಗಳು. A1 ರೆಕಾರ್ಡರ್, A2 ಕ್ಯಾಮೆರಾದ ಸ್ವಂತ ಮೈಕ್, A3 ಒಲೆ ಮತ್ತು ಹಂಡೆಯ ಸದ್ದು. A2 ಮ್ಯೂಟ್ ಆಗಿದೆ ಅಂತ ಅಳಿಸಬೇಡಿ. ಕೆಳಗಿನ ಪರೀಕ್ಷೆಗೆ ಅದೇ ಆಧಾರ.

ಈಗ ಮುಖ್ಯ ತೊಡಕು. ಮೂರನೇ ಭಾಗದ ಸಂದರ್ಶನ 20 ನಿಮಿಷದ ಒಂದೇ ಕ್ಲಿಪ್. ಶುರುವಿನ ಚಪ್ಪಾಳೆಯಲ್ಲಿ A1 ಮತ್ತು A2 ಒಂದೇ ಫ್ರೇಮಿನಲ್ಲಿವೆ. ಕೊನೆಯಲ್ಲಿ ಅಡಿಕೆ ಬಕೆಟ್ಟಿಗೆ ಬೀಳುವ ಸದ್ದು A1ರಲ್ಲಿ 6 ಫ್ರೇಮ್ ತಡ. ಎರಡೂ ತುದಿಯಲ್ಲಿ ವ್ಯತ್ಯಾಸ ಒಂದೇ ಇದ್ದಿದ್ದರೆ ಧ್ವನಿಯನ್ನು ಪೂರ್ತಿ ಹಿಂದಕ್ಕೆ ಸರಿಸಿದರೆ ಸಾಕಿತ್ತು. ಇಲ್ಲಿ ಹತ್ತನೇ ನಿಮಿಷಕ್ಕೆ 3, ಇಪ್ಪತ್ತಕ್ಕೆ 6, ಹೀಗೆ ಒಂದೇ ಸಮನೆ ಬೆಳೆಯುತ್ತಿದೆ. A2 ಮಾತ್ರ ತುಟಿಗೆ ಕೊನೆಯವರೆಗೂ ಹೊಂದುತ್ತದೆ. ಅಂದರೆ ಕ್ಯಾಮೆರಾ ಫೈಲಿನ ಫ್ರೇಮ್ ರೇಟ್ ಏರುಪೇರಾಗಿಲ್ಲ. ಎರಡು ಯಂತ್ರಗಳ ಗಡಿಯಾರದ ವೇಗವೇ ಬೇರೆ.

ಲೆಕ್ಕ: ಟೈಮ್‌ಲೈನ್ 25 ಫ್ರೇಮಿನದು, ಹಾಗಾಗಿ 20 ನಿಮಿಷಕ್ಕೆ 30000 ಫ್ರೇಮ್. ರೆಕಾರ್ಡರಿನ ಅದೇ ಧ್ವನಿ 30006 ಫ್ರೇಮ್ ಉದ್ದ. ಆದ್ದರಿಂದ ವೇಗ 100.02% ಆಗಬೇಕು.

ಎಡವುವುದು ಇಲ್ಲೇ. ಟೈಮ್‌ಲೈನಿನಲ್ಲಿ ಕತ್ತರಿಸಿಟ್ಟ ತುಂಡುಗಳಿಗೆ 100.02% ಕೊಟ್ಟರೆ ಏನೂ ಸರಿಯಾಗುವುದಿಲ್ಲ. ಹತ್ತನೇ ನಿಮಿಷದಿಂದ ತೆಗೆದ 10 ಸೆಕೆಂಡಿನ ತುಂಡನ್ನೇ ನೋಡಿ: 250 ಫ್ರೇಮಿನಲ್ಲಿ ಬದಲಾಗುವುದು 0.05 ಫ್ರೇಮ್ ಮಾತ್ರ, ಆದರೆ ಆ ತುಂಡು ಶುರುವಾಗುವಾಗಲೇ 3 ಫ್ರೇಮ್ ತಡವಾಗಿದೆ. ಹಿಂದಿನ ಹತ್ತು ನಿಮಿಷದಲ್ಲಿ ಕೂಡಿಕೊಂಡ ತಡವನ್ನು ತುಂಡಿನೊಳಗಿನ ವೇಗ ತುಂಬಿಕೊಡಲಾರದು. ಒಂದೊಂದೇ ತುಂಡನ್ನು ಕೈಯಿಂದ ಸರಿಸುವುದೂ ಬೇಡ, ನಾಳೆ ಕಟ್ ಬದಲಾದರೆ ಮತ್ತೆ ಮೊದಲಿಂದ ಶುರು. ಮೂಲ ಫೈಲನ್ನೇ ತಿದ್ದಬೇಕು:

```
ffmpeg -i rec.wav -af asetrate=48010,aresample=48000 -c:a pcm_s24le rec_fix.wav
```

48000ವನ್ನು 30006/30000ರಿಂದ ಗುಣಿಸಿದರೆ 48009.6, ಅದನ್ನೇ 48010 ಮಾಡಿದ್ದು. 20 ನಿಮಿಷಕ್ಕೆ ಉಳಿಯುವ ತಪ್ಪು ಕಾಲು ಫ್ರೇಮು, ಸ್ವರದ ಬದಲಾವಣೆ ಕಿವಿಗೆ ಸಿಗದು. ಆಮೇಲೆ rec.wav ಜಾಗಕ್ಕೆ ಹೊಸ ಫೈಲನ್ನು ಜೋಡಿಸಿ. V1 ಮತ್ತು A1 ಒಟ್ಟಿಗೇ ಕತ್ತರಿಸಿದ್ದರಿಂದ ಎಲ್ಲ ತುಂಡುಗಳೂ ತಾವಾಗಿಯೇ ಕೂರುತ್ತವೆ. ಹತ್ತನೇ ನಿಮಿಷದ ಒಂದು ತುಂಡು, ಕೊನೆಯ ಒಂದು ತುಂಡು, ಎರಡನ್ನು A2 ತೆರೆದು ಒಟ್ಟಿಗೆ ಕೇಳಿ. ಸದ್ದು ಜೋಡಿಯಾಗಿ ಕೇಳಿದರೆ ಇನ್ನೂ ಜಾರುತ್ತಿದೆ ಎಂದರ್ಥ.

ಉಳಿದದ್ದು ಸಣ್ಣದು. V2ರಲ್ಲಿ ಚೊಗರು ಹಾಕುವ ಶಾಟ್ ಬೆಂದ ಅಡಿಕೆ ಹಂಡೆಯಿಂದ ತೆಗೆದ ಮೇಲೆ ಬರುತ್ತಿದೆ, ಅದನ್ನು ಮುಂಚೆ ತನ್ನಿ. ಮನೆಯಲ್ಲಿ ಅಡಿಕೆ ಬೇಯಿಸುವವರು ಮೊದಲು ಹಿಡಿಯುವ ತಪ್ಪೇ ಅದು. ನಾಲ್ಕನೇ ಭಾಗದಲ್ಲಿ ಆಗಷ್ಟೇ ಹರವಿದ ಒದ್ದೆ ಅಡಿಕೆಯನ್ನೂ ಒಣಗಿ ಸುಕ್ಕಾದದ್ದನ್ನೂ ಬೆರೆಸಿ ಕತ್ತರಿಸಬೇಡಿ.