ಕಾಂಪ್ ಟೈಮ್ ಲೆಕ್ಕ: ಜಮೆ, ಮಿತಿ ಮತ್ತು ಅವಧಿ ಮುಗಿದ ಗಂಟೆಗಳು

ಬೆಂಗಳೂರಿನಲ್ಲಿ ಕೂತು ಅಮೆರಿಕದ ಕೌಂಟಿ ಕಚೇರಿಗಳ ಪೇರೋಲ್ ನೋಡಿಕೊಳ್ಳುವವರಲ್ಲಿ ನಾನೂ ಒಬ್ಬಳು. ಈ ಕೆಲಸಕ್ಕೆ ಹೊಸದಾಗಿ ಬಂದವರು ಮೊದಲು ಎಡವುವ ಜಾಗ ಕಾಂಪ್ ಟೈಮ್. ಹೆಸರು ಕೇಳಿದ ತಕ್ಷಣ ನಮಗೆ ನಮ್ಮ ಕಾಂಪ್ ಆಫ್ ನೆನಪಾಗುತ್ತದೆ. ಭಾನುವಾರ ಕೆಲಸ ಮಾಡಿದರೆ ಬುಧವಾರ ರಜೆ. ಒಂದು ದಿನಕ್ಕೆ ಒಂದು ದಿನ. ಗಡುವು ದಾಟಿದರೆ ಲ್ಯಾಪ್ಸ್. ಇದೇ ಲೆಕ್ಕವನ್ನು ಅಲ್ಲಿಗೂ ಹಾಕಿದರೆ ಎಲ್ಲವೂ ತಪ್ಪಾಗುತ್ತದೆ.

ನಮ್ಮಲ್ಲಿ ಇದರ ಬೇರು ವಾರದ ರಜೆಯಲ್ಲಿದೆ. 1948ರ ಕಾರ್ಖಾನೆ ಕಾಯಿದೆಯ 53ನೇ ಕಲಂ ಬರೆದಾಗ ಇಟ್ಟ ನಿಯಮ ಇಷ್ಟು: ವಾರದ ರಜೆ ತಪ್ಪಿದ ಕಾರ್ಮಿಕನಿಗೆ ಅದೇ ತಿಂಗಳಲ್ಲಿ, ಇಲ್ಲವೇ ಮುಂದಿನ ಎರಡು ತಿಂಗಳ ಒಳಗೆ, ಅಷ್ಟೇ ರಜೆ ಕೊಡಬೇಕು. ಓವರ್‌ಟೈಮ್ ಮಾತು ಬೇರೆ. ಅದಕ್ಕೆ 59ನೇ ಕಲಂ ಎರಡು ಪಟ್ಟು ಕೂಲಿ ಹೇಳಿತ್ತು. ಅಂದರೆ ಆ ರಜೆ ಕಳೆದುಹೋದ ರಜೆಗೆ ಬದಲಿ, ಓಟಿ ಹಣಕ್ಕೆ ಬದಲಿ ಅಲ್ಲ. ಅಮೆರಿಕದ ಕಾಂಪ್ ಟೈಮ್ ನಿಜಕ್ಕೂ ಓಟಿ ಹಣಕ್ಕೆ ಬದಲಿ. ಆದ್ದರಿಂದ ಅದನ್ನು ರಜೆ ಅಂತ ನೋಡಬೇಡಿ, ಕಚೇರಿ ಕೊಡಬೇಕಾದ ಸಂಬಳದ ಬಾಕಿ ಅಂತ ನೋಡಿ. ಮುಂದಿನ ಎಲ್ಲ ನಿಯಮಕ್ಕೂ ಕಾರಣ ಆಮೇಲೆ ತಾನಾಗಿ ತಿಳಿಯುತ್ತದೆ.

ಯಾರಿಗೆ ಕೊಡಬಹುದು

ಅಲ್ಲಿನ ಕೆಲಸದ ಗಂಟೆ ಮತ್ತು ಕೂಲಿಯ ಮೂಲ ಕಾಯಿದೆ 1938ರದ್ದು. ಎಲ್ಲರೂ ಅದನ್ನು ಎಫ್‌ಎಲ್‌ಎಸ್‌ಎ ಅಂತಾರೆ. ವಾರಕ್ಕೆ 40 ಗಂಟೆ ದಾಟಿದರೆ ಒಂದೂವರೆ ಪಟ್ಟು ಸಂಬಳ. ಖಾಸಗಿ ಕಂಪನಿ ಈ ಓಟಿ ಹಣದ ಬದಲು ರಜೆ ಕೊಡುವಂತಿಲ್ಲ. ರಾಜ್ಯ, ಕೌಂಟಿ, ನಗರಸಭೆಯಂಥ ಸರ್ಕಾರಿ ಕಚೇರಿಗಳಿಗೆ ಮಾತ್ರ ಆ ಅನುಕೂಲ ಇದೆ. 1985ರಲ್ಲಿ ಸುಪ್ರೀಂ ಕೋರ್ಟ್ ಗಾರ್ಸಿಯಾ ಪ್ರಕರಣದಲ್ಲಿ ಈ ಕಾಯಿದೆ ಸ್ಥಳೀಯ ಸರ್ಕಾರಗಳಿಗೂ ಅನ್ವಯಿಸುತ್ತದೆ ಎಂದಿತು. ಓಟಿ ಖರ್ಚಿನ ಭಯ ಎದ್ದಿತು. ಅದೇ ವರ್ಷ ಅಲ್ಲಿನ ಸಂಸತ್ತು 7(o) ಎಂಬ ಉಪಕಲಂ ಸೇರಿಸಿ, ಹಣದ ಬದಲು ಗಂಟೆ ಕೊಡಲು ದಾರಿ ಮಾಡಿತು.

ಒಂದು ಷರತ್ತು ಮರೆಯಬೇಡಿ. ಒಪ್ಪಂದ ಕೆಲಸಕ್ಕಿಂತ ಮೊದಲೇ ಆಗಿರಬೇಕು. ಯೂನಿಯನ್ ಇದ್ದರೆ ಅದರ ಜೊತೆ, ಇಲ್ಲದಿದ್ದರೆ ನೌಕರರ ಜೊತೆ. ಓಟಿ ಮಾಡಿಸಿ ಆದಮೇಲೆ "ದುಡ್ಡಿಲ್ಲ, ರಜೆ ತಗೊಳ್ಳಿ" ಅನ್ನುವಂತಿಲ್ಲ.

ಜಮೆ ಆಗುವ ರೀತಿ

ಒಂದು ಗಂಟೆ ಓಟಿಗೆ ಒಂದೂವರೆ ಗಂಟೆ ಕಾಂಪ್ ಟೈಮ್ ಜಮೆ. ಖಾತೆಗೆ ಒಂದು ಮೇಲ್ಮಿತಿ ಇದೆ: ಸಾಮಾನ್ಯ ನೌಕರರಿಗೆ 240 ಗಂಟೆ, ಪೊಲೀಸ್, ಅಗ್ನಿಶಾಮಕ, ತುರ್ತು ಸೇವೆ ಮತ್ತು ಋತುಮಾನದ ಕೆಲಸದವರಿಗೆ 480. ಈ 240 ಜಮೆಯಾದ ಗಂಟೆ, ದುಡಿದ ಗಂಟೆಯಲ್ಲ. 160 ಗಂಟೆ ಓಟಿ ಮಾಡಿದರೆ ಖಾತೆ ತುಂಬುತ್ತದೆ. ತುಂಬಿದ ಮೇಲಿನ ಪ್ರತಿ ಓಟಿ ಗಂಟೆಗೂ ಹಣವನ್ನೇ ಕೊಡಬೇಕು.

ಉದಾಹರಣೆಗೆ ಕೌಂಟಿಯ ಚುನಾವಣಾ ಕಚೇರಿಯ ಒಬ್ಬ ಗುಮಾಸ್ತೆಯನ್ನು ತಗೊಳ್ಳೋಣ. ಗಂಟೆಗೆ 24 ಡಾಲರ್. ನವೆಂಬರ್ ಮೊದಲ ವಾರ, ಮತದಾನದ ಗಡಿಬಿಡಿ. ಖಾತೆಯಲ್ಲಿ ಆಗಲೇ 229.5 ಗಂಟೆ ಇದೆ. ಆ ವಾರ ಆಕೆ 52 ಗಂಟೆ ದುಡಿದರು. ಓಟಿ 12 ಗಂಟೆ. ಒಂದೂವರೆಯಿಂದ ಗುಣಿಸಿದರೆ 18. ಅದನ್ನೆಲ್ಲ ಜಮೆ ಮಾಡಿದರೆ 247.5 ಆಗಿ ಮಿತಿ ದಾಟುತ್ತದೆ. ಹಾಗಾಗಿ ಹೀಗೆ ಒಡೆಯಬೇಕು:

```
room       = 240 - balance
ot_to_bank = min(ot_hours, room / 1.5)
ot_to_cash = ot_hours - ot_to_bank
```

ಖಾಲಿ ಇರುವ ಜಾಗ 10.5 ಗಂಟೆ. ಅದನ್ನು 1.5ರಿಂದ ಭಾಗಿಸಿದರೆ 7. ಅಂದರೆ 12ರಲ್ಲಿ 7 ಗಂಟೆ ಓಟಿ ಖಾತೆಗೆ ಹೋಗಿ 10.5 ಆಗಿ ಜಮೆಯಾಗುತ್ತದೆ. ಬ್ಯಾಲೆನ್ಸ್ ಸರಿಯಾಗಿ 240. ಉಳಿದ 5 ಗಂಟೆಗೆ ಗಂಟೆಗೆ 36 ಡಾಲರ್‌ನಂತೆ 180 ಡಾಲರ್ ಸಂಬಳದ ಜೊತೆ ಬರಬೇಕು. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು 1.5ರಿಂದ ಭಾಗಿಸದೆ ಬಿಡುವುದು. ಆಗ 10.5 ಗಂಟೆ ಓಟಿ ಪೂರ್ತಿ ಖಾತೆಗೆ ಹೋಯಿತು ಅಂತ ಲೆಕ್ಕವಾಗಿ, ಹಣ ಬರೀ ಒಂದೂವರೆ ಗಂಟೆಗೆ ಬರುತ್ತದೆ. ಬ್ಯಾಲೆನ್ಸ್ 240ಕ್ಕೇ ನಿಂತಿರುತ್ತದೆ, ಆದ್ದರಿಂದ ನೋಡುವವರಿಗೆ ಅನುಮಾನವೂ ಬರುವುದಿಲ್ಲ. ಆಕೆಗೆ ಮಾತ್ರ ಮೂರೂವರೆ ಗಂಟೆಯ ಓಟಿ, ಅಂದರೆ 126 ಡಾಲರ್, ಸುಮ್ನೆ ಹೋಯಿತು.

ಮುಂದಿನ ವಾರ ಸೋಮವಾರ ಆಕೆ 8 ಗಂಟೆ ಕಾಂಪ್ ಟೈಮ್ ತೆಗೆದುಕೊಂಡರು. ಉಳಿದ ದಿನಗಳಲ್ಲಿ 38 ಗಂಟೆ ದುಡಿದರು. ಟೈಮ್‌ಶೀಟ್ ಒಟ್ಟು 46 ತೋರಿಸುತ್ತದೆ. ಓಟಿ ಎಷ್ಟು? ಸೊನ್ನೆ. ರಜೆಯ ಗಂಟೆಗೆ ಸಂಬಳ ಇದೆ, ಆದರೆ ಕಾಯಿದೆ ಪ್ರಕಾರ ಅದು ದುಡಿದ ಗಂಟೆ ಅಲ್ಲ. ಕೌಂಟಿ ತನ್ನ ಒಪ್ಪಂದದಲ್ಲಿ ರಜೆಯನ್ನೂ ಲೆಕ್ಕಕ್ಕೆ ಹಿಡಿಯುತ್ತೇನೆ ಅಂದಿದ್ದರೆ ಅದು ಬೇರೆ ಮಾತು. ಆದ್ದರಿಂದ ಸಿಸ್ಟಮ್ ಸೆಟ್ ಮಾಡುವ ಮೊದಲು ಒಪ್ಪಂದವನ್ನು ಕಡ್ಡಾಯವಾಗಿ ಓದಿ.

ಇನ್ನೊಂದು ಸಣ್ಣ ವಿಷಯ. ಕೆಲವು ಕಚೇರಿಗಳ ವಾರ 37.5 ಗಂಟೆಯದು. 37.5ರಿಂದ 40ರವರೆಗಿನ ಎರಡೂವರೆ ಗಂಟೆ ಕಾಯಿದೆಯ ಓಟಿ ಅಲ್ಲ. ಅದಕ್ಕೆ ಒಂದಕ್ಕೊಂದರಂತೆ ಗಂಟೆ ಕೊಡುವುದುಂಟು. ಅದು 240ರ ಮಿತಿಗೆ ಸೇರುವುದಿಲ್ಲ. ಅದಕ್ಕೆ ಬೇರೆ ಖಾತೆ ತೆರೆಯಿರಿ. ಎರಡನ್ನೂ ಒಮ್ಮೆ ಬೆರೆಸಿದರೆ ಆಮೇಲೆ ಬಿಡಿಸುವುದು ತುಂಬಾ ಕಷ್ಟ.

ಅವಧಿ ಮುಗಿದರೆ ಏನಾಗುತ್ತದೆ

ನಮ್ಮ ತಲೆಯಲ್ಲಿ ಅವಧಿ ಮುಗಿಯಿತು ಅಂದರೆ ರಜೆ ಹೋಯಿತು ಅಂತ ಅರ್ಥ, ಅಲ್ವಾ? 7(o) ಖಾತೆಯಲ್ಲಿ ಹಾಗಲ್ಲ. ಆ ಗಂಟೆ ಸಂಬಳದ ಬಾಕಿ, ಬಾಕಿ ಆವಿಯಾಗುವಂತಿಲ್ಲ. ಕೌಂಟಿ ಗಡುವು ಇಡಬಹುದು. ಗಡುವು ಬಂದಾಗ ಉಳಿದ ಗಂಟೆ ಹಣವಾಗಿ ನೌಕರನ ಕೈ ಸೇರಬೇಕು.

ನಮ್ಮ ಗುಮಾಸ್ತೆಯ ಕೌಂಟಿಯಲ್ಲಿ ಗಡುವು 12 ತಿಂಗಳು ಅಂದುಕೊಳ್ಳಿ. ಆಗ ಬರೀ ಒಟ್ಟು ಬ್ಯಾಲೆನ್ಸ್ ಇಟ್ಟುಕೊಂಡರೆ ಸಾಲದು. ಪ್ರತಿ ಜಮೆಯನ್ನೂ ಬೇರೆ ಬೇರೆ ಕಂತಾಗಿ ಬರೆದಿಡಬೇಕು: ಯಾವ ವಾರ ಬಂತು, ಎಷ್ಟು ಬಂತು, ಎಷ್ಟು ಉಳಿದಿದೆ, ಯಾವತ್ತು ಮುಗಿಯುತ್ತದೆ. ಆಕೆಯ ಅತಿ ಹಳೆಯ ಕಂತು ಜನವರಿಯದು, 45 ಗಂಟೆ. ನವೆಂಬರ್‌ನಲ್ಲಿ ತೆಗೆದ 8 ಗಂಟೆಯನ್ನು ಯಾವ ಕಂತಿನಿಂದ ಕಳೆಯಬೇಕು? ಹಳೆಯದರಿಂದಲೇ ಕಳೆಯುವುದು ವಾಡಿಕೆ. ಆಗ ಆ ಕಂತಿನಲ್ಲಿ 37 ಉಳಿಯುತ್ತದೆ. ಹೊಸದರಿಂದ ಕಳೆದರೆ 45ಕ್ಕೆ 45ರ ಗಡುವೂ ಒಟ್ಟಿಗೆ ಬರುತ್ತದೆ. ಇದನ್ನು ಕಾಯಿದೆ ಹೇಳುವುದಿಲ್ಲ, ಕೌಂಟಿಯ ನಿಯಮ ಹೇಳಬೇಕು. ಹೇಳಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಜನವರಿ ಬಂತು. ಆಕೆಯ ಸಂಬಳ ಗಂಟೆಗೆ 26 ಡಾಲರ್ ಆಯಿತು. ಅದೇ ತಿಂಗಳು 37 ಗಂಟೆಯ ಗಡುವು ಮುಗಿಯಿತು. ಎಷ್ಟು ಕೊಡಬೇಕು? ಹಣ ಕೈಗೆ ಬರುವ ದಿನದ ದರದಲ್ಲಿ ಕೊಡಬೇಕು ಅಂತ ಕಾಯಿದೆ. 37ನ್ನು 26ರಿಂದ ಗುಣಿಸಿದರೆ 962 ಡಾಲರ್. ಗಂಟೆ ಹುಟ್ಟಿದಾಗಿನ 24ರ ದರ ಹಾಕಿದರೆ 888, ಅದು ಕಡಿಮೆ. ಮತ್ತೆ ಒಂದೂವರೆ ಪಟ್ಟು ಮಾಡಿದರೆ 1443, ಅದು ಜಾಸ್ತಿ. ಒಂದೂವರೆ ಅನ್ನುವುದು ಜಮೆಯಾಗುವಾಗಲೇ ಗಂಟೆಯೊಳಗೆ ಸೇರಿಬಿಟ್ಟಿದೆ. ನಾನು ಮೊದಲು ಪರೀಕ್ಷೆ ಮಾಡಿದ ಒಂದು ಸೆಟಪ್‌ನಲ್ಲಿ ಕಾಂಪ್ ಪೇಔಟ್ ಅನ್ನುವ ಕೋಡನ್ನು ಓಟಿ ಗುಂಪಿಗೆ ಸೇರಿಸಿದ್ದರು. ಆ ಗುಂಪಿಗೆ ಬಿದ್ದ ಗಂಟೆಯನ್ನೆಲ್ಲ ಸಿಸ್ಟಮ್ 1.5ರಿಂದ ಗುಣಿಸುತ್ತಿತ್ತು. ಪೇಔಟ್ ಮೊತ್ತವನ್ನು ಗಂಟೆಯಿಂದ ಭಾಗಿಸಿ ನೋಡಿದಾಗ ಗೊತ್ತಾಯಿತು. 26 ಬರಬೇಕಾದ ಕಡೆ 39 ಬಂದಿತ್ತು. ಅಂದಿನಿಂದ ಪ್ರತಿ ಪೇಔಟ್‌ಗೂ ಈ ಒಂದು ಭಾಗಾಕಾರ ಮಾಡಿಯೇ ಮುಂದೆ ಹೋಗುತ್ತೇನೆ.

ಅಮೆರಿಕದ ಕೇಂದ್ರ ಸರ್ಕಾರದ ನೌಕರರ ಲೆಕ್ಕ ಹೆಚ್ಚು ಕಡಿಮೆ ಇದರ ತಿರುವುಮುರುವು. ಅಲ್ಲಿ ಒಂದು ಗಂಟೆ ಓಟಿಗೆ ಒಂದೇ ಗಂಟೆ ಜಮೆ. ಗಂಟೆ ಬಂದ ಪೇ ಪೀರಿಯಡ್ ಆದಮೇಲೆ 26ನೇ ಪೇ ಪೀರಿಯಡ್ ಮುಗಿಯುವುದರೊಳಗೆ ಬಳಸಬೇಕು. ಎರಡು ವಾರಕ್ಕೊಂದರಂತೆ ಸುಮಾರು ಒಂದು ವರ್ಷ. ಉಳಿದರೆ, ಎಫ್‌ಎಲ್‌ಎಸ್‌ಎ ಓಟಿಗೆ ಅರ್ಹರಾದ ನೌಕರರಿಗೆ ಗಂಟೆ ಬಂದ ದಿನದ ಓಟಿ ದರದಲ್ಲಿ ಹಣ. ಅಂದರೆ ಇಲ್ಲಿ ಹಳೆಯ ದರವೇ ಸರಿ, ಕೌಂಟಿಯಲ್ಲಿ ಹೊಸ ದರ ಸರಿ. ಎಫ್‌ಎಲ್‌ಎಸ್‌ಎಯಿಂದ ಹೊರಗಿರುವ ಮೇಲ್ದರ್ಜೆಯವರ ವಿಷಯದಲ್ಲಿ ಇಲಾಖೆ ಹಣ ಕೊಡಬಹುದು, ಇಲ್ಲವೇ ಗಂಟೆಯನ್ನು ಲ್ಯಾಪ್ಸ್ ಮಾಡಬಹುದು. ಕೆಲಸದ ತುರ್ತಿನಿಂದ ಬಳಸಲಾಗದೆ ಹೋಗಿದ್ದರೆ ಮಾತ್ರ ಲ್ಯಾಪ್ಸ್ ಮಾಡುವಂತಿಲ್ಲ. ಎರಡೂ ಬಗೆಯ ನಿಯಮವನ್ನು ಒಂದೇ ಹಾಳೆಯಲ್ಲಿ ಓದಿ ಕಲಸಿಕೊಳ್ಳುವವರು ಜಾಸ್ತಿ. ಬೇರೆ ಬೇರೆ ದಿನ ಓದಿ.

ರಜೆ ಯಾರ ಕೈಯಲ್ಲಿ

ಕೌಂಟಿಯಲ್ಲಿ ನೌಕರ ಕಾಂಪ್ ಟೈಮ್ ಕೇಳಿದರೆ ಸೂಕ್ತ ಸಮಯದೊಳಗೆ ಕೊಡಬೇಕು. ಕಚೇರಿ ಕೆಲಸಕ್ಕೆ ತೀರಾ ಅಡ್ಡಿಯಾಗುವುದಾದರೆ ಮಾತ್ರ ಇಲ್ಲ ಅನ್ನಬಹುದು. ಆದರೆ ನೌಕರ ಕೇಳದೇ ಇದ್ದರೆ? ಟೆಕ್ಸಾಸ್‌ನ ಹ್ಯಾರಿಸ್ ಕೌಂಟಿಯಲ್ಲಿ ಡೆಪ್ಯುಟಿ ಶೆರಿಫ್‌ಗಳ ಖಾತೆ ಮಿತಿಯ ಹತ್ತಿರ ಬರುತ್ತಿತ್ತು. ತುಂಬಿದರೆ ಹಣ ಕೊಡಬೇಕಾಗುತ್ತದೆ ಅಂತ ಕೌಂಟಿ ಅವರನ್ನು ಒತ್ತಾಯದಿಂದ ರಜೆಗೆ ಕಳಿಸಿತು. ಪ್ರಕರಣ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 2000ದಲ್ಲಿ ಕೋರ್ಟ್ ಕೌಂಟಿಯ ಪರ ತೀರ್ಪು ಕೊಟ್ಟಿತು. ಹಾಗಾಗಿ ಖಾತೆ 200 ದಾಟಿದವರ ಪಟ್ಟಿಯನ್ನು ಮೇಲಧಿಕಾರಿಗಳು ಪ್ರತಿ ತಿಂಗಳು ಕೇಳಿದರೆ ಆಶ್ಚರ್ಯಪಡಬೇಡಿ. ಆ ರಿಪೋರ್ಟ್ ತಯಾರಾಗಿರಲಿ.

ಕೆಲಸ ಬಿಟ್ಟಾಗ

ನೌಕರ ಹೊರಟಾಗ ಉಳಿದ ಅಷ್ಟೂ ಗಂಟೆಗೆ ಹಣ. ದರ ಎರಡರಲ್ಲಿ ಯಾವುದು ಜಾಸ್ತಿಯೋ ಅದು: ಕೊನೆಯ ದಿನದ ದರ, ಅಥವಾ ಕೊನೆಯ 3 ವರ್ಷದ ಸರಾಸರಿ ದರ. ಸಾಮಾನ್ಯವಾಗಿ ಕೊನೆಯ ದರವೇ ಜಾಸ್ತಿ ಇರುತ್ತದೆ, ಅದಕ್ಕೇ ಸರಾಸರಿ ನೋಡುವುದನ್ನು ಬಿಟ್ಟುಬಿಡುತ್ತಾರೆ. ಸೂಪರ್‌ವೈಸರ್ ಆಗಿದ್ದವರು ಕೆಳಗಿನ ಹುದ್ದೆಗೆ ಇಳಿದು, ಅಲ್ಲಿಂದ ನಿವೃತ್ತರಾದರೆ ಸರಾಸರಿ ಮೇಲಿರುತ್ತದೆ. ಹಳೆಯ ಪೇರೋಲ್ ಸಿಸ್ಟಮ್‌ನಿಂದ ಡೇಟಾ ತರುವಾಗ ಬರೀ ಈಗಿನ ದರ ಮತ್ತು ಬ್ಯಾಲೆನ್ಸ್ ತಂದರೆ ಈ ಲೆಕ್ಕ ಮಾಡಲು ದಾರಿಯೇ ಇರುವುದಿಲ್ಲ. 3 ವರ್ಷದ ದರಗಳನ್ನೂ ತನ್ನಿ. ಜೊತೆಗೆ ನಿಯಮ ಕೇಳುವ ದಾಖಲೆ ಇಷ್ಟು: ಪ್ರತಿ ವಾರ ಜಮೆಯಾದ ಗಂಟೆ, ಬಳಸಿದ ಗಂಟೆ, ಹಣವಾಗಿ ಕೊಟ್ಟ ಗಂಟೆ, ಅದರ ಮೊತ್ತ ಮತ್ತು ದಿನಾಂಕ, ಮೊದಲೇ ಮಾಡಿಕೊಂಡ ಒಪ್ಪಂದದ ಪ್ರತಿ.