ದೂರು ಪ್ರತಿ ಸಲವೂ ‘ಪರಿಹಾರವಾಗಿದೆ’ ಎಂದು ಮುಚ್ಚಿಹೋಗುತ್ತಿದ್ದರೆ ಬ್ರಾಡ್‌ಬ್ಯಾಂಡ್ ಕಂಪನಿಗೆ ಪತ್ರ ಬರೆಯುವುದು ಹೇಗೆ?

ಪ್ರಶ್ನೆ: ಒಂದೇ ತಿಂಗಳಲ್ಲಿ ನಾಲ್ಕು ಬಾರಿ ನಮ್ಮ ಮನೆಯ ಫೈಬರ್ ಸಂಪರ್ಕ ಕಡಿದುಹೋಯಿತು. ಪ್ರತಿ ಸಲವೂ ದೂರು ದಾಖಲಿಸಿದೆ; ಕೆಲವು ಗಂಟೆಗಳಲ್ಲಿ ಸಂಪರ್ಕ ತಾನಾಗಿಯೇ ಮರಳಿತು, ದೂರು ಪರಿಹಾರವಾಗಿದೆ ಎಂಬ ಸಂದೇಶವೂ ಬಂತು. ತಂತ್ರಜ್ಞರು ಮಾತ್ರ ಬರಲೇ ಇಲ್ಲ. ಈಗ ಪತ್ರ ಬರೆಯುವಾಗ ದಿನಾಂಕಗಳನ್ನು ಕೊಟ್ಟರೆ ಸಾಕೇ?

ಉತ್ತರ: ದಿನಾಂಕಗಳು ಬೇಕೇ ಬೇಕು, ಆದರೆ ಅವಷ್ಟೇ ಸಾಲುವುದಿಲ್ಲ. ನಿಮ್ಮ ದೂರನ್ನು ನೋಡುವವರು ಮೊದಲು ಪರೀಕ್ಷಿಸುವುದು ಆ ಕ್ಷಣದಲ್ಲಿ ಮನೆಯ ಮೋಡೆಮ್ ಅವರ ಜಾಲಕ್ಕೆ ಸಿಗುತ್ತಿದೆಯೇ ಎಂಬುದನ್ನು. ಸಿಕ್ಕರೆ ದೂರು ಮುಚ್ಚಿಹೋಗುತ್ತದೆ. ಬಂದು ಹೋಗುವ ದೋಷ ಹೀಗೆ ಪ್ರತಿ ಸಲವೂ ತಪ್ಪಿಸಿಕೊಳ್ಳುತ್ತದೆ, ನಾಲ್ಕು ದೂರುಗಳು ನಾಲ್ಕು ಬೇರೆ ಬೇರೆ ಸಣ್ಣ ಘಟನೆಗಳಾಗಿಯೇ ಉಳಿದುಬಿಡುತ್ತವೆ. ಆದ್ದರಿಂದ ಪತ್ರದ ಮುಖ್ಯ ಕೆಲಸವೆಂದರೆ ಅವುಗಳಲ್ಲಿ ಒಂದೇ ರೀತಿಯವು ಒಂದೇ ದೋಷದ ಲಕ್ಷಣಗಳೆಂದು ತೋರಿಸುವುದು. ‘ಉಲ್ಲೇಖ’ದ ಸಾಲಿನಲ್ಲಿ ಇತ್ತೀಚಿನ ದೂರಿನ ಸಂಖ್ಯೆಯೊಂದನ್ನೇ ಕೊಡದೆ, ನಾಲ್ಕೂ ಸಂಖ್ಯೆಗಳನ್ನು ಒಟ್ಟಿಗೆ ಬರೆಯಿರಿ.

ಇನ್ನು ಪ್ರತಿ ದಿನಾಂಕದ ಪಕ್ಕದಲ್ಲಿ ಇರಬೇಕಾದ ವಿವರ ಮೋಡೆಮ್‌ನ ದೀಪಗಳದ್ದು. ಹೆಚ್ಚಿನವರು ಬಿಟ್ಟುಬಿಡುವುದೂ ಅದನ್ನೇ. ಎಲ್‌ಒಎಸ್ ಎಂದು ಬರೆದಿರುವ ದೀಪ ಕೆಂಪಾಗಿ ಮಿನುಗುತ್ತಿದ್ದರೆ, ಹೊರಗಿನಿಂದ ಫೈಬರ್ ತಂತಿಯ ಮೂಲಕ ಬರಬೇಕಾದ ಬೆಳಕು ಮೋಡೆಮ್‌ಗೆ ತಲುಪುತ್ತಿಲ್ಲ ಅಥವಾ ತೀರಾ ಕ್ಷೀಣವಾಗಿದೆ ಎಂದರ್ಥ. ತಂತಿ ಬಾಗಿರಬಹುದು, ಕನೆಕ್ಟರ್ ಸಡಿಲವಾಗಿರಬಹುದು, ಮನೆಗೆ ಬರುವ ತಂತಿ ಕವಲೊಡೆಯುವ ಹೊರಗಿನ ಪೆಟ್ಟಿಗೆಯಲ್ಲಿ ತೊಂದರೆ ಇರಬಹುದು. ಇದು ಮನೆಯ ವೈಫೈ ದೋಷವಂತೂ ಅಲ್ಲ. ಆ ದೀಪ ಆರಿದ್ದು, ಕಂಪನಿಯ ಜಾಲದೊಂದಿಗೆ ಮೋಡೆಮ್ ಜೋಡಿಕೊಂಡಿದೆ ಎಂದು ತೋರಿಸುವ ಪಾನ್ ದೀಪ ಸ್ಥಿರವಾಗಿ ಹಸಿರಾಗಿದ್ದೂ ಇಂಟರ್‌ನೆಟ್ ಇಲ್ಲದಿದ್ದರೆ, ಕಾರಣವನ್ನು ಸಾಮಾನ್ಯವಾಗಿ ಬೇರೆ ಕಡೆ ಹುಡುಕಬೇಕಾಗುತ್ತದೆ. ಹೀಗಾಗಿ ಸಂಪರ್ಕ ಕಡಿದ ಕೂಡಲೇ ಮೋಡೆಮ್ ಆರಿಸಿ ಹಚ್ಚುವ ಮೊದಲು ದೀಪಗಳ ಫೋಟೋ ತೆಗೆದಿಟ್ಟುಕೊಳ್ಳಿ.

ನಾಲ್ಕು ಘಟನೆಗಳನ್ನು ಉದಾಹರಣೆಗೆ ಇಟ್ಟುಕೊಂಡರೆ, ಪತ್ರದ ನಡುಭಾಗ ಹೀಗಿರಬಹುದು:

“ಮಾನ್ಯರೇ, ಮಾರ್ಚ್ 4ರಂದು ರಾತ್ರಿ 8:10ರಿಂದ 10:35ರವರೆಗೆ, 19ರಂದು ಬೆಳಿಗ್ಗೆ 7:05ರಿಂದ 11:45ರವರೆಗೆ ಮತ್ತು 27ರಂದು ಮಧ್ಯಾಹ್ನ 1:15ರಿಂದ 3:30ರವರೆಗೆ, ಒಟ್ಟು 9 ಗಂಟೆ 20 ನಿಮಿಷ ನಮ್ಮ ಸಂಪರ್ಕ ಸಂಪೂರ್ಣವಾಗಿ ಕಡಿದಿತ್ತು. ಮೂರೂ ಸಲ ಮನೆಯಲ್ಲಿ ವಿದ್ಯುತ್ ಇತ್ತು, ಎಲ್‌ಒಎಸ್ ದೀಪ ಕೆಂಪಾಗಿ ಮಿನುಗುತ್ತಿತ್ತು, ಫೋಟೋಗಳನ್ನು ಲಗತ್ತಿಸಿದ್ದೇನೆ. ಮೂರೂ ದಿನ ಗಾಳಿ ಜೋರಾಗಿತ್ತು. ಮಾರ್ಚ್ 11ರ ಸಂಜೆಯೂ ಸಂಪರ್ಕ ಇರಲಿಲ್ಲ, ಆದರೆ ಅಂದು ದೀಪಗಳು ಸರಿಯಾಗಿದ್ದ ಕಾರಣ ಅದನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ.”

ಕೊನೆಯ ವಾಕ್ಯ ನಿಮ್ಮ ಪಟ್ಟಿಯನ್ನು ಚಿಕ್ಕದಾಗಿಸುತ್ತದೆ ನಿಜ, ಆದರೂ ನಾನದನ್ನು ತೆಗೆಯುವುದಿಲ್ಲ. ಬೇರೆ ಲಕ್ಷಣದ ಘಟನೆಯನ್ನು ಬೇರೆಯಾಗಿಟ್ಟಾಗ ಉಳಿದ ಮೂರರ ಸಾಮ್ಯ ಓದುವ ತಂತ್ರಜ್ಞರಿಗೆ ತಟ್ಟನೆ ಕಾಣುತ್ತದೆ. ಗಾಳಿಯ ವಿಷಯದಲ್ಲಿಯೂ ಕಂಡದ್ದನ್ನು ಮಾತ್ರ ಹೇಳಿ, ತಂತಿ ಸಡಿಲವಾಗಿದೆ ಎಂಬ ತೀರ್ಮಾನವನ್ನು ನೀವೇ ಕೊಡಬೇಡಿ. ವಿದ್ಯುತ್ ಇತ್ತೆಂಬ ಮಾತನ್ನಂತೂ ಮರೆಯಬಾರದು. ಅದಿಲ್ಲದಿದ್ದರೆ ‘ಕರೆಂಟ್ ಹೋಗಿದ್ದಿರಬೇಕು’ ಎಂಬ ಉತ್ತರ ಬರುವುದು ಸುಲಭ.

‘ದಯವಿಟ್ಟು ತಂತ್ರಜ್ಞರನ್ನು ಕಳುಹಿಸಿ’ ಎಂದಷ್ಟೇ ಬರೆದರೆ, ಬಂದವರು ಸಂಪರ್ಕ ಸರಿಯಿರುವುದನ್ನು ನೋಡಿ ಹಿಂತಿರುಗಬಹುದು. ಆದ್ದರಿಂದ ಬಂದು ಏನು ಮಾಡಬೇಕೆಂಬುದನ್ನೂ ಕೋರಿಕೆಯಲ್ಲಿ ಸೇರಿಸಿ: “ಪವರ್ ಮೀಟರ್ ತಂದು, ಮೋಡೆಮ್ ತುದಿಯಲ್ಲಿಯೂ ಹೊರಗಿನ ಪೆಟ್ಟಿಗೆಯಲ್ಲಿಯೂ ಬೆಳಕಿನ ಮಟ್ಟ ಅಳೆದು, ಎರಡೂ ಅಂಕಿಗಳನ್ನು ನನಗೆ ಬರೆದುಕೊಡಬೇಕು, ನನ್ನ ಒಪ್ಪಿಗೆಯಿಲ್ಲದೆ ದೂರನ್ನು ಮುಚ್ಚಬಾರದು.” ಭೇಟಿಗೆ ನಿಮಗೆ ಅನುಕೂಲವಾದ ಎರಡು ಮೂರು ದಿನಗಳನ್ನು ಸಮಯದೊಂದಿಗೆ ಸೂಚಿಸಿ.

ಆ ಅಂಕಿ ಡಿಬಿಎಂ ಎಂಬ ಮಾನದಲ್ಲಿರುತ್ತದೆ; ಮೈನಸ್ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕ್ಷೀಣ ಎಂದರ್ಥ. ಮನೆಗಳಿಗೆ ಬರುವ ಜಿಪಾನ್ ಎಂಬ ಸಾಮಾನ್ಯ ಬಗೆಯ ಫೈಬರ್ ಸಂಪರ್ಕದಲ್ಲಿ ಅದು ಸುಮಾರು ಮೈನಸ್ 8ರಿಂದ ಮೈನಸ್ 27ರೊಳಗೆ ಇರಬೇಕು. ಮೈನಸ್ 26ರ ಆಸುಪಾಸಿನಲ್ಲಿದ್ದರೆ ಇಂದು ಎಲ್ಲವೂ ಸರಿಯಾಗಿಯೇ ನಡೆಯಬಹುದು, ಆದರೆ ತಂತಿ ಸ್ವಲ್ಪ ಅಲುಗಿದರೂ ಸಂಪರ್ಕ ತಪ್ಪುವಷ್ಟು ಅಂಚಿನಲ್ಲಿದೆ ಎಂದು ತಿಳಿಯಬೇಕು. ಪೆಟ್ಟಿಗೆಯಲ್ಲಿ ಮೈನಸ್ 19, ಮೋಡೆಮ್ ಬಳಿ ಮೈನಸ್ 26 ಬಂದರೆ ದೋಷ ಇವೆರಡರ ನಡುವಿನ ತಂತಿಯಲ್ಲೋ ಕನೆಕ್ಟರ್‌ನಲ್ಲೋ ಇದೆ. ಎರಡೂ ಕಡೆ ಅಂಕಿ ಚೆನ್ನಾಗಿಯೇ ಬಂದರೆ, ಮೀಟರ್ ಜೋಡಿಸಿರುವಾಗಲೇ ಕನೆಕ್ಟರ್ ಬಳಿಯ ತಂತಿಯನ್ನು ಮೆಲ್ಲನೆ ಅಲುಗಾಡಿಸಿ ನೋಡುವಂತೆ ಅವರನ್ನು ಕೇಳಿ. ಸಡಿಲ ಅಲ್ಲಿದ್ದರೆ ಅಂಕಿ ನಿಮ್ಮ ಕಣ್ಣೆದುರೇ ಕುಸಿಯುತ್ತದೆ.